ತಿಂಗಳಿಗೆ ನಾಲ್ಕೇ ವಾರವೆ?

ವಾರಪತ್ರಿಕೆಯನ್ನು ತರಿಸಿಕೊಂಡು ಓದುವ ಸಂಸಾರಗಳಿಗೆ ಒಂದು ಲೆಕ್ಕವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ತಿಂಗಳಿಗೆ ನಾಲ್ಕು ಸಂಚಿಕೆಗಳೆಂದು ಎಣಿಸಿ ಚಿಲ್ಲರೆಯನ್ನು ತೆಗೆದಿಟ್ಟುಕೊಂಡ ಗೃಹಿಣಿಗೆ, ವರ್ಷದಲ್ಲಿ ನಾಲ್ಕು ಬಾರಿಯಾದರೂ ಪತ್ರಿಕೆಯ ಹುಡುಗನು, “ಅಮ್ಮಾ, ಈ ತಿಂಗಳು ಐದು ಬಂದಿದೆ” ಎಂದು ನೆನಪು ಮಾಡಿಕೊಡುತ್ತಾನೆ. ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ಸಂಚಿಕೆ. ಆದರೆ ವರ್ಷಕ್ಕೆ ಬರುವುದು 52. ಉಳಿದ ನಾಲ್ಕು ಸಂಚಿಕೆಗಳು ಎಲ್ಲಿಂದಲೋ ಉದುರಿದುವಲ್ಲ. ತಿಂಗಳೆಂದರೆ ನಾಲ್ಕು ವಾರವೆಂಬ ನಮ್ಮ ಎಣಿಕೆಯೇ ತಪ್ಪು. ಪತ್ರಿಕೆಯ ವಿಷಯದಲ್ಲಿ ಈ ತಪ್ಪಿನಿಂದ ಹೆಚ್ಚೇನೂ ಹಾನಿಯಿಲ್ಲ. ಕೊಟ್ಟ ಹಣಕ್ಕೆ ಓದುವುದಕ್ಕೊಂದು ಧಾರಾವಾಹಿಯಾದರೂ ದೊರೆಯುತ್ತದೆ. ಆದರೆ ಇದೇ ತಪ್ಪು ಎಣಿಕೆಯ ಮೇಲೆ ಮನೆ ಕಟ್ಟಿಕೊಂಡಿರುವ ಬೇರೊಂದು ವ್ಯಾಪಾರವಿದೆ. ಅದರ ಬಿಲ್ಲನ್ನು ಹಿಡಿದು ಬಾಗಿಲಿಗೆ ಬರುವ ಹುಡುಗನಿಲ್ಲ.

ಮೈಸೂರಿನ ಸರಸ್ವತೀಪುರಂನಲ್ಲಿರುವ ಒಬ್ಬ ರಾಯರು ಖಜಾನೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಅವರ ಕೈ ಕೆಳಗೆ ಒಂದು ಪೈಸೆಯ ವ್ಯತ್ಯಾಸವೂ ನುಸುಳಲಾರದೆಂದು ಕಚೇರಿಯಲ್ಲಿ ಹೆಸರಿತ್ತು. ಮನೆಯ ಹಾಲಿನ ವರ್ತನೆಯನ್ನು ಈಗಲೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಇಂತಹವರು 2025ರ ಆಗಸ್ಟ್ 14ರಂದು, ಮರುದಿನ ಸ್ವಾತಂತ್ರ್ಯೋತ್ಸವದ ರಜೆಯೆಂದು ಬ್ಯಾಂಕಿಗೆ ಹೋಗಿ, ಬಹು ದಿನಗಳಿಂದ ಬಿಟ್ಟಿದ್ದ ಪಾಸ್‌ಬುಕ್ಕಿನ ದಾಖಲೆಯನ್ನು ಮಾಡಿಸಿಕೊಂಡು ಬಂದರು. ಊಟವಾದ ಮೇಲೆ ಕನ್ನಡಕವನ್ನು ಹಾಕಿಕೊಂಡು ಒಂದೊಂದು ಸಾಲಿಗೂ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದರು. ವಿದ್ಯುತ್ತಿನ ಹಣ, ಔಷಧದಂಗಡಿ, ತರಕಾರಿ, ಎಲ್ಲವೂ ತಾಳೆಯಾದುವು. ನಡುನಡುವೆ ಮಾತ್ರ 199 ರೂಪಾಯಿಯ ಒಂದು ಸಾಲು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ಅದರ ಮುಂದೆ ಗೂಗಲ್ ಪ್ಲೇ ಎಂಬ ಹೆಸರೊಂದೇ ಇತ್ತು.

“ಇದು ಯಾವ ಬಾಬ್ತಮ್ಮ?” ಎಂದು ಸೊಸೆಯನ್ನು ಕರೆದು ಕೇಳಿದರು. ಆಕೆ ಬೇರೊಂದು ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದವಳು. ಸಾಲುಗಳ ಮೇಲೆ ಬೆರಳೋಡಿಸಿ ತಾರೀಖುಗಳನ್ನು ಓದಿದಳು: ಜೂನ್ 8, 15, 22, 29, ಜುಲೈ 6, 13, 20, 27, ಆಗಸ್ಟ್ 3, 10.

“ಮಾವ, ಇವೆಲ್ಲ ಭಾನುವಾರಗಳು” ಎಂದಳು.

ಹತ್ತು ಭಾನುವಾರ; ಹತ್ತು ಬಾರಿ 199. ಒಟ್ಟು 1,990 ರೂಪಾಯಿ. ರಾಯರ ಪೆನ್ಸಿಲು ಕೈಯಲ್ಲಿಯೇ ನಿಂತಿತು. ಹತ್ತು ವಾರಗಳ ಕಾಲ ತಮ್ಮ ಖಾತೆಯಿಂದ ಹಣ ಸೋರುತ್ತಿದ್ದುದು ತಮಗೆ ತಿಳಿಯಲಿಲ್ಲವೆಂಬುದು, ಹಣ ಹೋದುದಕ್ಕಿಂತಲೂ ಹೆಚ್ಚಾಗಿ ಅವರನ್ನು ಚುಚ್ಚಿತು.

ಮೂಲವನ್ನು ಹುಡುಕುವುದು ಕಷ್ಟವಾಗಲಿಲ್ಲ. ಜೂನ್ 5ರ ಗುರುವಾರ ಸಂಜೆ ಮೊಮ್ಮಗಳು ಕಾಲೇಜಿನ ಪ್ರವೇಶಕ್ಕಾಗಿ ತನ್ನ ಅಂಕಪಟ್ಟಿಗಳನ್ನು ಪಿಡಿಎಫ್ ಮಾಡಿ ಕಳುಹಿಸಬೇಕಾಗಿತ್ತು. ಅವಳ ಮೊಬೈಲು ದುರಸ್ತಿಗೆ ಹೋಗಿದ್ದುದರಿಂದ ತಾತನ ಮೊಬೈಲನ್ನು ತೆಗೆದುಕೊಂಡಳು. ತನ್ನ ಜಿಮೇಲ್ ಖಾತೆಯನ್ನು ಅದರಲ್ಲಿ ಸೇರಿಸಿ, ಕಾಗದಗಳ ಚಿತ್ರ ತೆಗೆದು ಪಿಡಿಎಫ್ ಮಾಡಿಕೊಡುವ ಒಂದು ಆ್ಯಪನ್ನು ಇಳಿಸಿಕೊಂಡಳು. ಆ್ಯಪ್ ತೆರೆದೊಡನೆಯೇ ಮೂರು ದಿನ ಉಚಿತವೆಂದು ದಪ್ಪಕ್ಷರದಲ್ಲಿ ಸಾರಿತು. ಹಣವೇನೂ ಇಲ್ಲ, ಪಿನ್ ಒಂದನ್ನು ಒತ್ತಿದರೆ ಸಾಕು ಎಂದು ಅವಳು ತಾತನ ಮುಂದೆ ಮೊಬೈಲನ್ನು ಹಿಡಿದಳು. ತಾತ ಒತ್ತಿದರು. ಕೆಲಸವಾಯಿತು. ರಾತ್ರಿ ಮಲಗುವ ಮುನ್ನ ಅವಳು ಜಾಗ್ರತೆಯಿಂದ ಆ್ಯಪನ್ನು ಅಳಿಸಿಯೂ ಹಾಕಿದ್ದಳು.

“ಅಂದೇ ತೆಗೆದು ಹಾಕಿದೆನಲ್ಲ ತಾತ!” ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಇಲ್ಲಿಯೇ ಮೊದಲನೆಯ ತಪ್ಪು ತಿಳಿವಳಿಕೆ ಇರುವುದು. ಆ್ಯಪನ್ನು ಮೊಬೈಲಿನಿಂದ ಅಳಿಸುವುದು, ಮನೆಗೆ ಬಂದ ಹಾಲಿನ ಪಾತ್ರೆಯನ್ನು ತೊಳೆದು ಬೋರಲು ಹಾಕಿದಂತೆ. ಪಾತ್ರೆ ಕಣ್ಣಿಗೆ ಕಾಣದಿದ್ದರೂ ಹಾಲಿನವನ ಪುಸ್ತಕದಲ್ಲಿ ವರ್ತನೆ ಹಾಗೆಯೇ ಇರುತ್ತದೆ. ಚಂದಾ ಎಂಬುದು ಆ್ಯಪಿನೊಳಗೆ ಇರುವ ವಸ್ತುವಲ್ಲ. ಅದು ಮೊಬೈಲಿನ ಹೊರಗೆ, ಗೂಗಲ್ ಪ್ಲೇ ಇಟ್ಟುಕೊಂಡಿರುವ ಲೆಕ್ಕದ ಪುಸ್ತಕದಲ್ಲಿ, ಖರೀದಿಸಿದ ಖಾತೆಯ ಹೆಸರಿನಲ್ಲಿ ಇರುತ್ತದೆ. ಆ್ಯಪ್ ಅಳಿಸಿದರೂ, ಮೊಬೈಲನ್ನೇ ಮಾರಿದರೂ, ಆ ಪುಸ್ತಕದಲ್ಲಿ ಗೆರೆ ಎಳೆಯುವವರೆಗೆ ವಾರ ವಾರವೂ ಹಣ ಹೋಗುತ್ತಲೇ ಇರುತ್ತದೆ.

ಎರಡನೆಯ ತಪ್ಪು ಬೆಲೆಯನ್ನು ಓದಿದ ರೀತಿಯಲ್ಲಿತ್ತು. ಸೊಸೆ ಅದೇ ಆ್ಯಪಿನ ಬೆಲೆಯ ಪುಟವನ್ನು ತನ್ನ ಮೊಬೈಲಿನಲ್ಲಿ ತೆರೆದು ಮಾವನವರ ಮುಂದಿಟ್ಟಳು. ಅದರಲ್ಲಿ ಎರಡು ಚೌಕಗಳು. ಮೇಲಿನದರಲ್ಲಿ ವರ್ಷದ ಚಂದಾ 1,499 ರೂಪಾಯಿ. ಕೆಳಗಿನದರಲ್ಲಿ ಮೂರು ದಿನ ಉಚಿತ, ಬಳಿಕ 199 ರೂಪಾಯಿ. 199ರ ಮಗ್ಗುಲಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ವಾರಕ್ಕೆ ಎಂಬ ಮಾತು. ಮೊದಲೇ ಗುರುತು ಬಿದ್ದಿದ್ದುದು ಕೆಳಗಿನ ಚೌಕಕ್ಕೆ. ನೋಡಿದವರಿಗೆ ಯಾರಿಗಾದರೂ 199 ಕಡಮೆ, 1,499 ಹೆಚ್ಚು ಎಂದೇ ತೋರುತ್ತದೆ. ಸಂಬಳ, ಬಾಡಿಗೆ, ವಿದ್ಯುತ್ತು, ಕೇಬಲ್ಲು ಎಲ್ಲವೂ ತಿಂಗಳ ಲೆಕ್ಕವಾಗಿರುವ ಮನೆಗಳಲ್ಲಿ, ಸಣ್ಣ ಮೊತ್ತವನ್ನು ಕಂಡೊಡನೆ ಮನಸ್ಸು ತಾನಾಗಿಯೇ ‘ತಿಂಗಳಿಗೆ’ ಎಂದು ಓದಿಕೊಳ್ಳುತ್ತದೆ. ಅಲ್ಲಿಗೆ ಅರ್ಧ ಕೆಲಸವಾಯಿತು.

ಇನ್ನರ್ಧ ಕೆಲಸವನ್ನು ನಮ್ಮ ನಾಲ್ಕು ವಾರದ ಎಣಿಕೆ ಮಾಡುತ್ತದೆ. ವಾರವೆಂಬ ಮಾತನ್ನು ಗಮನಿಸಿದವರೂ, “ಇನ್ನೂರು ನಾಲ್ಕಲಿ ಎಂಟುನೂರು” ಎಂದು ಸುಮ್ಮನಾಗುತ್ತಾರೆ. ರಾಯರೂ ಮೊದಲು ಹಾಗೆಯೇ ಎಂದರು. ಸೊಸೆ ನಕ್ಕು, “ಈ ಆಗಸ್ಟಿನಲ್ಲಿ ಎಷ್ಟು ಭಾನುವಾರ ಎಣಿಸಿ ಮಾವ” ಎಂದಳು. 3, 10, 17, 24, 31. ಐದು! ಆ ಒಂದು ತಿಂಗಳಿಗೆ 995 ರೂಪಾಯಿ. 2025ರಲ್ಲಿ ಮಾರ್ಚ್, ಜೂನ್, ಆಗಸ್ಟ್, ನವೆಂಬರ್ ಈ ನಾಲ್ಕು ತಿಂಗಳುಗಳಿಗೆ ಐದೈದು ಭಾನುವಾರಗಳಿದ್ದುವು.

ವಾರದ ಬೆಲೆಯಿಂದ ವರ್ಷದ ಬೆಲೆಯನ್ನು ತಿಳಿಯುವುದಕ್ಕೆ ಕಾಗದವೂ ಬೇಡ, ಪೆನ್ಸಿಲೂ ಬೇಡ. ವಾರದ ಬೆಲೆಯನ್ನು ಅರ್ಧ ಮಾಡಿ ನೂರರಿಂದ ಗುಣಿಸಿದರೆ ಐವತ್ತು ವಾರಗಳ ಹಣವಾಯಿತು. ಅದಕ್ಕೆ ಎರಡು ವಾರಗಳದನ್ನು ಸೇರಿಸಿದರೆ ವರ್ಷದ ಹಣ. 199ರ ಅರ್ಧ ತೊಂಬತ್ತೊಂಬತ್ತೂವರೆ. ನೂರರಿಂದ ಗುಣಿಸಿದರೆ 9,950. ಎರಡು ವಾರದ 398 ಸೇರಿದರೆ 10,348 ರೂಪಾಯಿ. ಇದೇ ಆ ಆ್ಯಪಿನ ನಿಜವಾದ ವಾರ್ಷಿಕ ಬೆಲೆ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 862 ರೂಪಾಯಿ. ನಾಲ್ಕು ವಾರದ ಎಣಿಕೆಯಲ್ಲಿ 796 ಎಂದು ಕಂಡದ್ದು ಇದೇ. ತಿಂಗಳಿಗೆ 66 ರೂಪಾಯಿ ಲೆಕ್ಕಕ್ಕೆ ಸಿಕ್ಕದೆ ಜಾರಿದರೆ, ವರ್ಷಕ್ಕೆ ಜಾರುವುದು ಸರಿಯಾಗಿ ನಾಲ್ಕು ವಾರದ ಹಣ.

ಈಗ ಎರಡು ಚೌಕಗಳನ್ನೂ ಒಂದೇ ಅಳತೆಯಲ್ಲಿಟ್ಟು ನೋಡಬಹುದು. ದುಬಾರಿಯೆಂದು ತೋರಿದ ಚಂದಾ ವರ್ಷಕ್ಕೆ 1,499. ಅಗ್ಗವೆಂದು ತೋರಿದುದು ವರ್ಷಕ್ಕೆ 10,348. ರಾಯರ ಖಾತೆಯಿಂದ ಎಂಟನೆಯ ಬಾರಿ, ಎಂದರೆ ಜುಲೈ 27ರಂದು, ಹಣ ಹೋದಾಗಲೇ ಒಟ್ಟು ಮೊತ್ತ 1,592 ಆಗಿ ಇಡೀ ವರ್ಷದ ಬೆಲೆಯನ್ನು ದಾಟಿತ್ತು. ಅದಾದ ಮೇಲಿನ ಎರಡು ವಾರಗಳು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಮೇಲಿನ ಚೌಕದ ತಲೆಯ ಮೇಲೆ ಶೇಕಡ 85 ಉಳಿತಾಯವೆಂಬ ಪಟ್ಟಿಯೂ ಇತ್ತು. ಲೆಕ್ಕ ಸುಳ್ಳಲ್ಲ. ಆದರೆ ಆ ಉಳಿತಾಯವನ್ನು ಅಳೆದಿರುವುದು ಯಾವ ವಿವೇಕಿಯೂ ವರ್ಷವಿಡೀ ಕೊಡಬಾರದಂತಹ ವಾರದ ಬೆಲೆಯ ಎದುರಿಗೆ. ವರ್ಷಕ್ಕೆ ಒಂದು ಸಂಜೆ ಮಾತ್ರ ಬೇಕಾಗುವ ಆ್ಯಪಿಗೆ 1,499 ಕೊಡುವುದೂ ದಂಡವೇ ಸರಿ.

ಇಂತಹ ಪುಟಗಳನ್ನು ಓದುವಾಗ ನೆನಪಿಡಬೇಕಾದುದೆಂದರೆ, ಆ್ಯಪಿನವರು ಬಣ್ಣಬಣ್ಣವಾಗಿ ತೋರಿಸುವುದು ಅಂಗಡಿಯ ಮುಂದಿನ ಫಲಕ, ಬಿಲ್ಲು ಬೇರೆ. ಫಲಕದ ಗುಂಡಿಯನ್ನು ಒತ್ತಿದ ಮೇಲೆ ಪರದೆಯ ಕೆಳಗಿನಿಂದ ಗೂಗಲ್ ಪ್ಲೇಯವರ ಬಿಳಿಯ ಚೀಟಿಯೊಂದು ಮೇಲೇಳುತ್ತದೆ. ಅದರಲ್ಲಿ ಇಂದಿನಿಂದ ಎಷ್ಟು ದಿನ ಉಚಿತ, ಯಾವ ತಾರೀಖಿನಿಂದ ಹಣ, ಎಷ್ಟು ಹಣ, ಎಷ್ಟು ಕಾಲಕ್ಕೊಮ್ಮೆ ಎಂಬುದು ಇರುತ್ತದೆ. ಮೊತ್ತದ ಪಕ್ಕದಲ್ಲಿ `week` ಎಂದಿದೆಯೋ, `month` ಎಂದಿದೆಯೋ, `year` ಎಂದಿದೆಯೋ ಎಂಬ ಆ ಒಂದು ಪದವನ್ನು ಓದದೆ ಮುಂದಕ್ಕೆ ಹೋಗಕೂಡದು. ಅದರ ನಂತರ ಯುಪಿಐ ಪಿನ್ ಕೇಳುವ ಪುಟ ಬರುತ್ತದೆ. ಪಿನ್ ಕೇಳಿತೆಂದರೆ ಅದು ಉಚಿತವಲ್ಲ. ಅಲ್ಲಿ ಕೊಡುತ್ತಿರುವುದು ಹಣವಲ್ಲದಿರಬಹುದು, ಆದರೆ ಹಣಕ್ಕಿಂತ ದೊಡ್ಡದು: ಮುಂದೆ ಕೇಳಿದಾಗಲೆಲ್ಲ ಕೊಡುವೆನೆಂಬ ಒಪ್ಪಿಗೆಯ ಪತ್ರ. ಬ್ಯಾಂಕಿನ ಭಾಷೆಯಲ್ಲಿ ಅದಕ್ಕೆ ಮ್ಯಾಂಡೇಟ್ ಎಂದೂ, ಯುಪಿಐ ಆ್ಯಪುಗಳಲ್ಲಿ ಆಟೋಪೇ ಎಂದೂ ಹೆಸರು. ಖಜಾನೆಯಲ್ಲಿ ಓದದೆ ಒಂದು ಕಾಗದಕ್ಕೂ ರುಜು ಹಾಕದ ರಾಯರು, ಮೊಮ್ಮಗಳ ಅವಸರಕ್ಕೆ ಈ ಪತ್ರಕ್ಕೆ ಓದದೆಯೇ ರುಜು ಹಾಕಿದ್ದರು.

“ಹಾಗಾದರೆ ಪ್ರತಿಯೊಂದು ಬಾರಿಯೂ ಪಿನ್ ಏಕೆ ಕೇಳಲಿಲ್ಲ?” ಎಂದು ಅವರು ಕೇಳಿದುದು ನ್ಯಾಯವಾಗಿಯೇ ಇತ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಪ್ಪಿಗೆ ಕೊಡುವ ಮೊದಲ ಸಲ ಮಾತ್ರ ಪಿನ್ ಅಥವಾ ಒಟಿಪಿ ಕಡ್ಡಾಯ. ಆಮೇಲೆ ಬರುವ ಸಾಮಾನ್ಯ ಚಂದಾಗಳಿಗೆ, ಪ್ರತಿ ಬಾರಿ 15,000 ರೂಪಾಯಿಯವರೆಗೆ, ಮತ್ತೆ ಕೇಳಬೇಕಾಗಿಲ್ಲವೆಂದು 2022ರಲ್ಲಿ ಮಿತಿಯನ್ನು ಏರಿಸಲಾಯಿತು. ಇದಕ್ಕೆ ಪ್ರತಿಯಾಗಿ ಗ್ರಾಹಕನ ರಕ್ಷಣೆಗೆಂದು ಇನ್ನೊಂದು ನಿಯಮವಿದೆ: ಹಣವನ್ನು ತೆಗೆಯುವ 24 ಗಂಟೆಗಳಿಗಾದರೂ ಮುಂಚೆ ತಿಳಿಸಬೇಕು, ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಲು ಅವಕಾಶವಿರಬೇಕು. ಸೊಸೆ ಮಾವನವರ ಮೊಬೈಲಿನ ಸಂದೇಶಗಳನ್ನು ಜಾಲಿಸಿದಾಗ, ಸಾಲದ ಜಾಹೀರಾತು ಹಾಗೂ ಸೀರೆಯಂಗಡಿಯ ರಿಯಾಯಿತಿಗಳ ನಡುವೆ ಹತ್ತು ಸಂದೇಶಗಳು ತೆರೆಯದೆ ಬಿದ್ದಿದ್ದುವು. ಶುಕ್ರವಾರವೋ ಶನಿವಾರವೋ ಬಂದು, ಭಾನುವಾರ 199 ಹೋಗಲಿದೆಯೆಂದು ಅವು ಹತ್ತು ಬಾರಿಯೂ ಸಾರಿದ್ದುವು. ಹಣದ ರಸೀದಿಗಳು ಮೊಮ್ಮಗಳ ಜಿಮೇಲಿಗೆ ಹೋಗಿದ್ದುವು. ಅವಳು ಅದನ್ನು ತೆರೆಯುವುದೇ ಅಪರೂಪ.

ಈಗ ಗೆರೆ ಎಳೆಯುವ ಕೆಲಸ. ಗುರುವಾರದ ಆ ಮಧ್ಯಾಹ್ನ, ಮುಂದಿನ ಭಾನುವಾರಕ್ಕೆ ಇನ್ನೂ ಮೂರು ದಿನಗಳಿದ್ದುವು. ಸೊಸೆ ಪ್ಲೇ ಸ್ಟೋರನ್ನು ತೆರೆದು, ಬಲಗಡೆಯ ಮೇಲ್ಮೂಲೆಯಲ್ಲಿರುವ ಖಾತೆಯ ಗುಂಡುಚಿತ್ರವನ್ನು ಒತ್ತಿ, `Payments & subscriptions` ಎಂಬುದನ್ನೂ, ಅದರೊಳಗೆ `Subscriptions` ಎಂಬುದನ್ನೂ ಒತ್ತಿದಳು. ಪಟ್ಟಿ ಬರಿದಾಗಿತ್ತು! ಚಂದಾವೇ ಇಲ್ಲವೆಂದು ಪುಟ ಹೇಳುತ್ತಿತ್ತು. ಇಲ್ಲಿಯವರೆಗೆ ಬಂದವರಲ್ಲಿ ಎಷ್ಟೋ ಜನ ಇದನ್ನು ನೋಡಿ, ಎಲ್ಲ ಮುಗಿಯಿತೆಂದು ನೆಮ್ಮದಿಯಿಂದ ಮೊಬೈಲನ್ನು ಕೆಳಗಿಡುತ್ತಾರೆ. ಮುಂದಿನ ವಾರ ಹಣ ಮತ್ತೆ ಹೋಗುತ್ತದೆ.

ಪಟ್ಟಿ ಬರಿದಾಗಿದ್ದುದು, ಅದು ರಾಯರ ಖಾತೆಯ ಪಟ್ಟಿಯಾಗಿದ್ದುದರಿಂದ. ಹಣ ಹೋದುದು ರಾಯರ ಬ್ಯಾಂಕಿನಿಂದಾದರೂ, ಚಂದಾ ಬರೆದುಕೊಂಡಿದ್ದುದು ಮೊಮ್ಮಗಳ ಜಿಮೇಲ್ ಹೆಸರಿನಲ್ಲಿ. ಸೊಸೆ ಗುಂಡುಚಿತ್ರವನ್ನು ಮತ್ತೆ ಒತ್ತಿ, ಮಗಳ ಖಾತೆಗೆ ಬದಲಾಯಿಸಿ ಅದೇ ದಾರಿಯಲ್ಲಿ ಹೋದಳು. ಈ ಸಲ ಆ್ಯಪಿನ ಹೆಸರು, ವಾರಕ್ಕೆ 199 ಎಂಬ ಬೆಲೆ, ಆಗಸ್ಟ್ 17 ಎಂಬ ಮುಂದಿನ ತಾರೀಖು ಮೂರೂ ಕಾಣಿಸಿಕೊಂಡುವು. ಹೆಸರನ್ನು ಒತ್ತಿ ಕೆಳಗೆ ಹೋದರೆ `Cancel subscription` ಎಂಬ ಸಾಲು. ಅದನ್ನು ಒತ್ತಿದ ಮೇಲೂ ಕೆಲಸ ಮುಗಿಯಲಿಲ್ಲ. ಏಕೆ ಬಿಡುತ್ತೀರಿ ಎಂದೊಂದು ಪ್ರಶ್ನೆ ಬಂದಿತು. ಕಾರಣವನ್ನು ಆರಿಸಿದ ನಂತರ ಮತ್ತೊಮ್ಮೆ ಖಚಿತಪಡಿಸಬೇಕಾಯಿತು. ಈ ಎರಡನೆಯ ಒತ್ತುವಿಕೆಯ ಮುಂಚೆ ಹಿಂದಕ್ಕೆ ಬಂದವರ ಚಂದಾ ನಿಂತಿರುವುದಿಲ್ಲ. ನಿಂತಿತೆಂಬುದಕ್ಕೆ ಗುರುತು ಬೇರೆಯೇ ಇದೆ: ಅದೇ ಪಟ್ಟಿಯಲ್ಲಿ ಆ್ಯಪಿನ ಹೆಸರಿನ ಕೆಳಗೆ ಮುಂದಿನ ಹಣದ ತಾರೀಖು ಹೋಗಿ, ರದ್ದಾಗಿದೆಯೆಂಬ ಮಾತೂ ಯಾವ ದಿನದವರೆಗೆ ಉಪಯೋಗಿಸಬಹುದೆಂಬ ಮಾತೂ ಬರಬೇಕು, ಖಾತೆಯ ಇಮೇಲಿಗೆ ರದ್ದಾದ ಪತ್ರ ಬರಬೇಕು. ಎರಡನ್ನೂ ನೋಡಿದ ಮೇಲೆಯೇ ಸೊಸೆ ಮೊಬೈಲನ್ನು ಕೈಬಿಟ್ಟಳು.

ರಸೀದಿಗಳನ್ನು ತೆರೆದಾಗ ರಾಯರ ಕಣ್ಣಿಗೆ ಒಂದು ಸ್ವಾರಸ್ಯ ಬಿದ್ದಿತು. ಪ್ರತಿಯೊಂದು ರಸೀದಿಗೂ `GPA.` ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯಿದ್ದು, ಹತ್ತರಲ್ಲಿಯೂ ಅದು ಒಂದೇ ಆಗಿತ್ತು; ಬಾಲದಲ್ಲಿ ಮಾತ್ರ ವ್ಯತ್ಯಾಸ. ಜೂನ್ 8ರದಕ್ಕೆ `..0`, ಮುಂದಿನ ವಾರದ್ದಕ್ಕೆ `..1`, ಹೀಗೆ ಆಗಸ್ಟ್ 10ರದಕ್ಕೆ `..9`. ಸೊನ್ನೆಯಿಂದ ಎಣಿಕೆ ಆರಂಭವಾಗುವುದರಿಂದ ಒಂಬತ್ತೆಂದರೆ ಹತ್ತನೆಯ ನವೀಕರಣ. ಎರಡು ಚುಕ್ಕೆಗಳ ಮುಂದಿನ ಅಂಕೆಯನ್ನು ನೋಡಿದರೆ ಸಾಕು, ಈ ಚಂದಾ ಎಷ್ಟು ಬಾರಿ ತಾನಾಗಿ ಮುಂದುವರಿದಿದೆಯೆಂಬುದು ತಿಳಿದುಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಆ್ಯಪಿನ ಹೆಸರು ಇರದಿದ್ದರೂ ಈ ರಸೀದಿಗಳಲ್ಲಿ ಇರುತ್ತದೆ. “ನಮ್ಮ ವೋಚರು ಸಂಖ್ಯೆಯಂತೆಯೇ ಇದೆ” ಎಂದು ರಾಯರು ಮೊದಲ ಬಾರಿಗೆ ಸ್ವಲ್ಪ ಗೆಲುವಾದರು.

ಆಮೇಲೆ ಸೊಸೆ ಯುಪಿಐ ಆ್ಯಪಿನ ಆಟೋಪೇ ವಿಭಾಗವನ್ನು ತೆರೆದಳು. ಅಲ್ಲಿ ಗೂಗಲ್ ಪ್ಲೇ ಹೆಸರಿನ ಒಪ್ಪಿಗೆ ಪತ್ರ ಇನ್ನೂ ಜೀವಂತವಾಗಿತ್ತು. ಪಿನ್ ಒತ್ತಿಸಿ ಅದನ್ನೂ ರದ್ದು ಮಾಡಿದಳು. ಈ ಕ್ರಮ ತಲೆಕೆಳಗಾಗಬಾರದು. ಮ್ಯಾಂಡೇಟನ್ನು ಮಾತ್ರ ಕತ್ತರಿಸಿ ಚಂದಾವನ್ನು ಹಾಗೆಯೇ ಬಿಟ್ಟರೆ, ಹಣ ಬಾರಲಿಲ್ಲವೆಂದು ಪ್ಲೇ ಸ್ಟೋರು ಕೆಲವು ಕಾಲ ಕಾಯುತ್ತದೆ; ಅದೇ ಖಾತೆಯಲ್ಲಿ ಬದಲಿ ಪಾವತಿಯೆಂದು ಒಂದು ಕಾರ್ಡನ್ನು ಕೊಟ್ಟಿದ್ದರೆ ಅದರಿಂದ ಹಣ ತೆಗೆಯಬಹುದು. ಆದುದರಿಂದ ಮೊದಲು ಚಂದಾ, ಆಮೇಲೆ ಮ್ಯಾಂಡೇಟ್. ಅದೇ ಪಟ್ಟಿಯಲ್ಲಿ ವಿಮೆಯ ಕಂತು ಮೊದಲಾದ ಬೇಕಾದ ಮ್ಯಾಂಡೇಟುಗಳೂ ಇರುತ್ತವೆಯಾದುದರಿಂದ, ಹೆಸರನ್ನೂ ಮೊತ್ತವನ್ನೂ ಓದಿಯೇ ಕೈಯಿಡಬೇಕು.

ಎಲ್ಲ ಆ್ಯಪುಗಳೂ ಪ್ಲೇ ಸ್ಟೋರಿನ ಮೂಲಕವೇ ಹಣ ತೆಗೆಯುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ಆ್ಯಪಿನವರು ತಾವೇ ನೇರವಾಗಿ ಮ್ಯಾಂಡೇಟ್ ಬರೆಸಿಕೊಳ್ಳುತ್ತಾರೆ. ಅಂತಹವು ಪ್ಲೇ ಸ್ಟೋರಿನ ಯಾವ ಖಾತೆಯ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಆಟೋಪೇ ಪಟ್ಟಿಯಲ್ಲಿ ಗೂಗಲ್ ಪ್ಲೇ ಎಂಬುದರ ಬದಲಿಗೆ ಬೇರೊಂದು ಕಂಪೆನಿಯ ಹೆಸರಿದ್ದರೆ ಅದೇ ಇದರ ಕುರುಹು. ಆಗ ಆ ಆ್ಯಪಿನೊಳಗೆ ಚಂದಾವನ್ನು ನಿಲ್ಲಿಸಿ, ಯುಪಿಐ ಆ್ಯಪಿನಲ್ಲಿ ಮ್ಯಾಂಡೇಟನ್ನು ರದ್ದು ಮಾಡಬೇಕು. ಐಫೋನ್ ಉಳ್ಳವರಿಗೆ ದಾರಿ ಬೇರೆ: `Settings` ತೆರೆದು ಮೇಲಿರುವ ತಮ್ಮ ಹೆಸರನ್ನು ಒತ್ತಿದರೆ `Subscriptions` ಸಿಕ್ಕುತ್ತದೆ. ಉಚಿತ ದಿನಗಳು ಮುಗಿಯುವುದಕ್ಕೆ 24 ಗಂಟೆ ಮುಂಚೆಯಾದರೂ ರದ್ದು ಮಾಡಬೇಕೆಂದು ಆಪಲ್‌ನವರ ನಿಯಮ. ಮೂರು ದಿನ ಉಚಿತವೆಂದರೆ ಅವರ ಲೆಕ್ಕದಲ್ಲಿ ನಿರ್ಧಾರಕ್ಕೆ ಇರುವುದು ಎರಡೇ ದಿನ.

ಹೋದ ಹಣದ ಮಾತೇನು? ಇಲ್ಲಿ ರಾಯರಿಗೆ ಹೆಚ್ಚು ಸಮಾಧಾನ ದೊರೆಯಲಿಲ್ಲ. ಹಣ ಹೋದ 48 ಗಂಟೆಗಳ ಒಳಗಾದರೆ ಗೂಗಲ್ ಪ್ಲೇಯನ್ನೇ ಹಿಂದಕ್ಕೆ ಕೇಳಬಹುದು. ಕೊಟ್ಟೇ ಕೊಡುವರೆಂದಿಲ್ಲ, ಆದರೆ ಕೇಳಲು ದಾರಿಯಿದೆ. ಆ ಗಡುವು ಕಳೆದ ಮೇಲೆ ಆ್ಯಪ್ ಮಾಡಿದವರನ್ನೇ ಕೇಳಬೇಕು. ಆಗಸ್ಟ್ 10ರ ಹಣ ಹೋಗಿ ಆಗಲೇ ನಾಲ್ಕು ದಿನ. ರಾಯರು ಹತ್ತು ರಸೀದಿಗಳ ಸಂಖ್ಯೆಗಳನ್ನೂ ತಾರೀಖುಗಳನ್ನೂ ಕ್ರಮವಾಗಿ ಬರೆದು, ಆ್ಯಪನ್ನು ಜೂನ್ 5ರ ನಂತರ ಒಮ್ಮೆಯೂ ತೆರೆದಿಲ್ಲವೆಂದು ತಿಳಿಸಿ, ಸರ್ಕಾರಿ ಪತ್ರದ ಗಾಂಭೀರ್ಯದಲ್ಲಿ ಒಂದು ಇಮೇಲನ್ನು ಕಳುಹಿಸಿದರು. ಆರು ದಿನಗಳ ಮೇಲೆ ಕೊನೆಯ ವಾರದ 199 ರೂಪಾಯಿ ಮಾತ್ರ ಹಿಂದಕ್ಕೆ ಬಂದಿತು. ನಿಂತ ನಷ್ಟ 1,791.

ಚಂದಾದ ಬಲೆಯನ್ನು ಸರ್ಕಾರ ಗಮನಿಸದೆಯೂ ಇಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕನ ಕಣ್ಣು ತಪ್ಪಿಸುವ 13 ಬಗೆಯ ಉಪಾಯಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾವನ್ನು ಬಿಡಲು ಆಗದಂತೆ ಅಥವಾ ಬಿಡುವುದು ತೊಡಕಾಗುವಂತೆ ಮಾಡುವುದು, ರದ್ದು ಮಾಡುವ ದಾರಿಯನ್ನು ಮರೆಮಾಡುವುದು, ಉಚಿತವೆಂದು ಹೇಳಿ ತಾನಾಗಿ ಹಣ ಹೋಗುವ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದು ಅವುಗಳಲ್ಲಿ ಸೇರಿವೆ. ಇಂತಹುದಕ್ಕೆ ಸಿಕ್ಕಿದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ಬರೆಸಬಹುದು. ಆದರೆ ವಾರಕ್ಕೊಮ್ಮೆ ಹಣ ಕೇಳುವುದೇ ಅಪರಾಧವಲ್ಲ. ಬೆಲೆಯನ್ನೂ ಅವಧಿಯನ್ನೂ ಬರೆದಿದ್ದು, ಬಿಡುವ ದಾರಿಯನ್ನು ತೆರೆದಿಟ್ಟಿದ್ದರೆ, ಓದದೆ ಒಪ್ಪಿದುದರ ಹೊಣೆ ಒಪ್ಪಿದವರದೇ ಆಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ವಾರದ ಚಂದಾಕ್ಕೂ ಒಂದು ಉಪಯೋಗವುಂಟು. ಒಂದೇ ವಾರದ ಕೆಲಸವಿದ್ದವನು 1,499 ಏಕೆ ಕೊಡಬೇಕು? 199 ಕೊಟ್ಟು ಕೆಲಸ ಮುಗಿಸಿಕೊಂಡರೆ ಲಾಭವೇ. ಆದರೆ ಅದಕ್ಕೊಂದು ಕಟ್ಟಳೆ: ಚಂದಾ ತೆಗೆದುಕೊಂಡ ಮರುಗಳಿಗೆಯಲ್ಲಿಯೇ ಅದನ್ನು ರದ್ದು ಮಾಡಬೇಕು. ರದ್ದು ಮಾಡಿದರೆ ಕೊಟ್ಟ ಹಣ ವ್ಯರ್ಥವಾಗುವುದೆಂಬ ಹೆದರಿಕೆಯಿಂದಲೇ ಅನೇಕರು ಕೊನೆಯ ದಿನಕ್ಕೆಂದು ಕಾದು ಮರೆಯುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಗೂಗಲ್ ಪ್ಲೇಯಲ್ಲಿ ರದ್ದಾದ ಚಂದಾ, ಹಣ ಕೊಟ್ಟ ಅವಧಿ ಮುಗಿಯುವವರೆಗೆ ನಡೆದೇ ನಡೆಯುತ್ತದೆ. ಮುಂದಿನ ಹಣ ಮಾತ್ರ ಹೋಗುವುದಿಲ್ಲ. ಬಸ್ಸನ್ನು ಹತ್ತುವಾಗಲೇ ಇಳಿಯುವ ಸ್ಥಳವನ್ನು ಹೇಳಿ ಚೀಟಿ ಪಡೆದಂತೆ. ಸ್ಥಳ ಹೇಳಿದೆವೆಂದು ಯಾರೂ ನಡುದಾರಿಯಲ್ಲಿ ಇಳಿಸುವುದಿಲ್ಲ.

ಆಗಸ್ಟ್ 17ರ ಭಾನುವಾರ ರಾಯರು ಎಂದಿಗಿಂತ ಮುಂಚೆ ಎದ್ದರು. ಕಾಫಿಗೂ ಮೊದಲು ಮೊಬೈಲನ್ನು ತೆಗೆದು ಖಾತೆಯನ್ನು ನೋಡಿದರು. ಮಧ್ಯಾಹ್ನ ಮತ್ತೊಮ್ಮೆ, ರಾತ್ರಿ ಮಗುದೊಮ್ಮೆ ನೋಡಿದರು. 199ರ ಸಾಲು ಬರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

ಅದೇ ರಾತ್ರಿ ಮೊಮ್ಮಗಳು ವಿದ್ಯಾರ್ಥಿವೇತನದ ಅರ್ಜಿಗೆ ಮತ್ತೆ ಎರಡು ಕಾಗದಗಳನ್ನು ಪಿಡಿಎಫ್ ಮಾಡಬೇಕಾಯಿತು. ಅಳುಕುತ್ತ ತಾಯಿಯ ಬಳಿಗೆ ಹೋದಳು. ಆಕೆ ಮಾವನವರ ಮೊಬೈಲಿನಲ್ಲಿ ಮೊದಲಿನಿಂದಲೂ ಇದ್ದ ಗೂಗಲ್ ಡ್ರೈವ್ ಆ್ಯಪನ್ನು ತೆರೆದು, ಕೆಳಗಿದ್ದ ಕ್ಯಾಮರಾ ಗುರುತನ್ನು ಒತ್ತಿ ಎರಡು ಕಾಗದಗಳ ಮೇಲೂ ಹಿಡಿದಳು. ಎರಡು ನಿಮಿಷದಲ್ಲಿ ಪಿಡಿಎಫ್ ಸಿದ್ಧವಾಯಿತು.

ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು ಇಣುಕಿ ನೋಡಿದರು.

“ಇದಕ್ಕೆ ವಾರಕ್ಕೆ ಎಷ್ಟಮ್ಮ?”

“ಇದಕ್ಕೆ ಪಿನ್ನನ್ನೇ ಕೇಳುವುದಿಲ್ಲ ಮಾವ.”